ಮೆಷಿನ್ ಗನ್ನೋ, ರೈಲೋ? ಪಶ್ಚಿಮ ರಣರಂಗ ಕದಲದ ಕಾರಣ

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್-ಬೆಲ್ಜಿಯಂನ ಪಶ್ಚಿಮ ರಣರಂಗ ವರ್ಷಗಟ್ಟಲೆ ಏಕೆ ಕದಲಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಯಾವ ಕಾರಣವನ್ನು ಮುಂದಿಡಬೇಕು ಎಂಬ ಗೊಂದಲವಿದ್ದರೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಿ. ದಾಳಿ ಕಂದಕದ ಮುಂದೆಯೇ ಏಕೆ ಮುಗ್ಗರಿಸಿತು? ಕಂದಕ ಗೆದ್ದ ಮೇಲೂ ಏಕೆ ಮುಂದೆ ಸಾಗಲಿಲ್ಲ?

ಮೊದಲನೆಯದಕ್ಕೆ ಮೆಷಿನ್ ಗನ್ ಮತ್ತು ಮುಳ್ಳುತಂತಿ ಸಾಕು. 1916ರ ಜುಲೈ 1, ಫ್ರಾನ್ಸಿನ ಸೊಮ್ ನದಿಯ ಬಳಿ ಬ್ರಿಟಿಷರ ದಾಳಿ. ಬ್ರಿಟಿಷರು ಅದಕ್ಕೆ ಮುಂಚೆ ಏಳು ದಿನ ಸುಮಾರು 15 ಲಕ್ಷ ಶೆಲ್ ಸುರಿದಿದ್ದರು. ಅದರಲ್ಲಿ ಹೆಚ್ಚಿನವು ಗಾಳಿಯಲ್ಲೇ ಸಿಡಿದು ಗುಂಡು ಚೆಲ್ಲುವ ಶ್ರಾಪ್ನೆಲ್. ಅದು ಬಯಲಲ್ಲಿ ನಿಂತವರನ್ನು ಕೊಲ್ಲುತ್ತದೆಯೇ ಹೊರತು ನೆಲದಡಿಯ ಆಳದ ಅಡಗುದಾಣವನ್ನು ಮುಟ್ಟುವುದಿಲ್ಲ; ತಂತಿಯೂ ಅನೇಕ ಕಡೆ ತುಂಡಾಗಲಿಲ್ಲ. ಶೆಲ್ ಮಳೆ ಹಿಂದಕ್ಕೆ ಸರಿದದ್ದೇ ತಡ, ಜರ್ಮನ್ನರು ಮೇಲೆ ಬಂದು ಗನ್ ಹೂಡಿದರು. ಆ ಒಂದೇ ದಿನ 19,240 ಬ್ರಿಟಿಷ್ ಸೈನಿಕರು ಸತ್ತರು.

ಎರಡನೆಯದಕ್ಕೆ ಈ ವಿವರಣೆ ಸಾಲದು. ಅದೇ ದಿನ ದಕ್ಷಿಣದಲ್ಲಿ ಮೋಂಟೊಬಾನ್ ಹಳ್ಳಿ ಬ್ರಿಟಿಷರ ವಶವಾಗಿತ್ತಲ್ಲ! ಆದರೆ ಗೆದ್ದವರು ಕುಳಿಬಿದ್ದ ನೆಲದಲ್ಲಿ ನಡೆದೇ ಹೋಗಬೇಕು, ಫಿರಂಗಿ ಎಳೆದು ತರಬೇಕು. ಟೆಲಿಫೋನ್ ತಂತಿ ಕಡಿದಿದ್ದರೆ ಸುದ್ದಿಯನ್ನು ಆಳು ಓಡಿಯೇ ಮುಟ್ಟಿಸಬೇಕು. ಎದುರಾಳಿಯ ಮೀಸಲು ಪಡೆಗೋ ಬೆನ್ನ ಹಿಂದೆಯೇ ರೈಲು; ಅದು ಬೇಗ ಬಂದು ಮುರಿದ ಸಾಲನ್ನು ಮುಚ್ಚಿಬಿಡುತ್ತದೆ.

ಹಾಗಾಗಿ ರೈಲಿಗೇ ಹೆಚ್ಚು ಜಾಗ ಕೊಡಿ. 1918ರ ಮಾರ್ಚಿನಲ್ಲಿ ಜರ್ಮನ್ನರು ಬ್ರಿಟಿಷ್ ಸಾಲನ್ನು ಭೇದಿಸಿ 60 ಕಿ.ಮೀ. ದಾಟಿದರು; ಎದುರಾಳಿಯ ಬೆನ್ನ ಹಿಂದಿನ ಅಮಿಯಾಂ ರೈಲು ಜಂಕ್ಷನ್ ಮಾತ್ರ ಕೈಗೆ ಸಿಗಲಿಲ್ಲ.