ಟ್ರೀ ಸಾರ್ಟ್‌ಗೆ ಯಾವ ಮರ? ನಾಲ್ಕನ್ನೂ ಕಟ್ಟಿ ನೋಡಿದೆ

ಟ್ರೀ ಸಾರ್ಟ್‌ನಲ್ಲಿ ಇರುವುದು ಎರಡೇ ಹೆಜ್ಜೆ. ಬಂದ ಸಂಖ್ಯೆಗಳನ್ನು ಒಂದೊಂದಾಗಿ ಬೈನರಿ ಸರ್ಚ್ ಟ್ರೀಗೆ, ಅಂದರೆ ಪ್ರತಿ ನೋಡ್‌ಗಿಂತ ಚಿಕ್ಕದು ಎಡಕ್ಕೆ, ಉಳಿದದ್ದು ಬಲಕ್ಕೆ ಹೋಗುವ ಮರಕ್ಕೆ, ಸೇರಿಸುವುದು, ಆಮೇಲೆ ಮೊದಲು ಎಡಗಡೆ, ನಂತರ ಆ ನೋಡ್, ಕೊನೆಗೆ ಬಲಗಡೆ ಅಂತ ಓದುವುದು. ಓದುವುದರಲ್ಲಿ ತಕರಾರೇ ಇಲ್ಲ. ಮರದ ಆಕಾರ ಹೇಗಿದ್ದರೂ ಸಂಖ್ಯೆಗಳು ಕ್ರಮವಾಗಿಯೇ ಹೊರಗೆ ಬರುತ್ತವೆ. ಖರ್ಚೆಲ್ಲ ಕಟ್ಟುವಾಗ.

ಏಳು ಸಂಖ್ಯೆ ತೆಗೆದುಕೊಳ್ಳೋಣ: 50, 30, 70, 20, 40, 60, 80. ಮೊದಲು ಬಂದ 50 ಮರದ ಬೇರು ಆಗುತ್ತದೆ, ಅದಕ್ಕೆ ಹೋಲಿಕೆಯೇ ಬೇಡ. 30 ಮತ್ತು 70ಕ್ಕೆ ಒಂದೊಂದು ಹೋಲಿಕೆ. ಉಳಿದ ನಾಲ್ಕಕ್ಕೆ ಎರಡೆರಡು. ಒಟ್ಟು 10. ಈಗ ಅದೇ ಏಳನ್ನು 20ರಿಂದ 80ರವರೆಗೆ ಸಾಲಾಗಿ ಕೊಡಿ. ಪ್ರತಿಯೊಂದೂ ಹಿಂದಿನದ್ದರ ಬಲಕ್ಕೇ ಹೋಗುತ್ತದೆ. ಮರ ಅನ್ನುವುದು ಉದ್ದನೆಯ ಸರಪಳಿ ಆಗುತ್ತದೆ, ಹೋಲಿಕೆ 21ಕ್ಕೆ ಏರುತ್ತದೆ.

ಏಳು ಸಂಖ್ಯೆಗೆ ಇದು ಲೆಕ್ಕಕ್ಕಿಲ್ಲ. ಹಾಗಾಗಿ ಪೈಥಾನ್‌ನಲ್ಲಿ 10,000 ಸಂಖ್ಯೆ ಇಟ್ಟುಕೊಂಡು ನಾಲ್ಕು ರೀತಿಯಲ್ಲಿ ಮರ ಕಟ್ಟಿ ನೋಡಿದೆ. ಸೆಕೆಂಡು ನೋಡಲಿಲ್ಲ, ಅದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ದಾರಿಯಲ್ಲಿ ಸಿಕ್ಕ ಪ್ರತಿ ನೋಡ್‌ಗೆ ಒಂದು ಹೋಲಿಕೆ ಅಂತ ಎಣಿಸಿದೆ.

ಮೊದಲನೆಯದು ಸಾದಾ ಮರ. ಚಿಕ್ಕದು ಎಡಕ್ಕೆ, ಉಳಿದದ್ದು ಬಲಕ್ಕೆ. ಕಲಸಿದ ಪಟ್ಟಿ ಕೊಟ್ಟಾಗ ಸುಮಾರು 1.5 ಲಕ್ಷ ಹೋಲಿಕೆ ಆಯಿತು, ಎತ್ತರ 30 ಮಟ್ಟದ ಆಸುಪಾಸು. ಮೊದಲ ಸಂಖ್ಯೆಯನ್ನೇ ಪಿವಟ್ ಮಾಡುವ ಕ್ವಿಕ್‌ಸಾರ್ಟ್‌ಗೂ ಇಷ್ಟೇ ಹೋಲಿಕೆ ಬೀಳುತ್ತದೆ, ಯಾಕಂದರೆ ಬೇರಿನ ನೋಡ್ ಮಾಡುವುದೂ ಪಿವಟ್ ಕೆಲಸವನ್ನೇ: ಚಿಕ್ಕದ್ದನ್ನು ಒಂದು ಕಡೆಗೆ, ಉಳಿದದ್ದನ್ನು ಇನ್ನೊಂದು ಕಡೆಗೆ ಕಳಿಸುವುದು. ಮೊದಲೇ ಕ್ರಮದಲ್ಲಿದ್ದ ಪಟ್ಟಿ ಕೊಟ್ಟಾಗ? 4,99,95,000 ಹೋಲಿಕೆ. ಸುಮಾರು ಐದು ಕೋಟಿ! ಇದೇನೂ ಅಪರೂಪದ ಪ್ರಸಂಗ ಅಲ್ಲ. ಸಮಯ ಅಥವಾ ಕ್ರಮಸಂಖ್ಯೆ ಪ್ರಕಾರ ಬರೆದಿಟ್ಟ ಫೈಲ್ ಯಾವುದೇ ಆಗಲಿ, ಅದು ಹೆಚ್ಚೂಕಡಿಮೆ ಕ್ರಮದಲ್ಲೇ ಇರುತ್ತದೆ ಅಲ್ವಾ?

ನಾನು ಮೊದಲು ಸೇರಿಸುವ ಫಂಕ್ಷನ್ ಅನ್ನು ರಿಕರ್ಷನ್‌ನಲ್ಲಿ, ಅಂದರೆ ಪ್ರತಿ ಮಟ್ಟಕ್ಕೂ ತನ್ನನ್ನೇ ಮತ್ತೆ ಕರೆಯುವಂತೆ, ಬರೆದಿದ್ದೆ. ಕ್ರಮದಲ್ಲಿದ್ದ ಪಟ್ಟಿಗೆ ಅದು `RecursionError` ಕೊಟ್ಟು ನಿಂತಿತು. ಇಂಥ ಒಳಗೊಳಗಿನ ಕರೆಗಳಿಗೆ ಪೈಥಾನ್‌ನ ಮಿತಿ ಸಾಮಾನ್ಯವಾಗಿ 1000, ಸರಪಳಿ ಅದನ್ನು ಬೇಗ ದಾಟಿಬಿಡುತ್ತದೆ. ಆಗ ಮಿತಿ ಹೆಚ್ಚಿಸಬೇಡಿ. ಮರ ಸರಪಳಿ ಆಗಿದೆ ಎಂದು ಆ ದೋಷವೇ ಹೇಳುತ್ತಿದೆ. ಸೇರಿಸುವುದನ್ನು ಲೂಪ್‌ಗೆ ಬದಲಿಸಿದೆ, ಓದುವುದನ್ನು ಹೀಗೆ ಬರೆದೆ:

```python
def in_order(node):
    stack = []
    while stack or node:
        while node:
            stack.append(node)
            node = node.left
        node = stack.pop()
        yield node.key
        node = node.right
```

ಇದರಿಂದ ಪ್ರೋಗ್ರಾಂ ನಿಲ್ಲುವುದು ತಪ್ಪಿತು. ಆದರೆ ಐದು ಕೋಟಿ ಹೋಲಿಕೆ ಹಾಗೇ ಉಳಿಯಿತು. ಈಗ ದೋಷದ ಸಂದೇಶವೂ ಇಲ್ಲ, ಸುಮ್ನೆ ನಿಧಾನ. ಅದಕ್ಕೇ ಮರದ ಎತ್ತರವನ್ನು ಪ್ರಿಂಟ್ ಮಾಡುವ ಅಭ್ಯಾಸ ಮಾಡಿಕೊಂಡೆ. ಕ್ರಮದ ಪಟ್ಟಿಗೆ ಅದು 10,000 ತೋರಿಸಿತು.

ಎರಡನೆಯದು ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ: ಸೇರಿಸುವ ಮುಂಚೆ `random.shuffle` ಮಾಡುವುದು. ಒಂದೇ ಸಾಲಿನ ಕೆಲಸ. ಐದು ಕೋಟಿ ಮತ್ತೆ 1.5 ಲಕ್ಷಕ್ಕೆ ಇಳಿಯಿತು. ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮುಂದಿನ ಪಟ್ಟಿಯಲ್ಲಿ 10,000 ದಾಖಲೆ ಇದ್ದರೂ ಬೆಲೆಗಳು 1ರಿಂದ 5ರವರೆಗೆ ಮಾತ್ರ ಇದ್ದವು, ಪ್ರತಿಯೊಂದೂ 2000 ಸಲ. ಕಲಸಿ ಕೊಟ್ಟರೂ ಹೋಲಿಕೆ ಒಂದು ಕೋಟಿ ದಾಟಿತು.

ಕಾರಣ ಇಷ್ಟೇ. ಸಮ ಇದ್ದದ್ದು ಬಲಕ್ಕೆ ಅಂತ ನಿಯಮ ಇದೆಯಲ್ಲ, ಹಾಗಾಗಿ ಹೊಸ 3 ಬಂದಾಗ ಹಳೆಯ 3ಗಳನ್ನೆಲ್ಲ ಒಂದೊಂದಾಗಿ ದಾಟಿ ಕೆಳಗೆ ಹೋಗಬೇಕು. 2000 ಸಮ ಬೆಲೆಗಳಿಗೆ ಸುಮಾರು 20 ಲಕ್ಷ ಹೋಲಿಕೆ, ಅಂಥ ಐದು ಗುಂಪು. ಎಷ್ಟು ಕಲಸಿದರೂ 3ರ ಮುಂದೆ 3 ಬಂದೇ ಬರುತ್ತದೆ.

ಮೂರನೆಯ ಮರ ಇದಕ್ಕೇ ಕಟ್ಟಿದ್ದು. ಪ್ರತಿ ನೋಡ್‌ನಲ್ಲಿ ಒಂದು ಲಿಸ್ಟ್ ಇಟ್ಟೆ. ಸಮ ಬೆಲೆ ಬಂದರೆ ಹೊಸ ನೋಡ್ ಮಾಡದೆ ಆ ಲಿಸ್ಟ್‌ನ ಕೊನೆಗೆ ಸೇರಿಸಿದೆ. ಇಡೀ ಮರದಲ್ಲಿ ಐದೇ ನೋಡ್. ಯಾವ ದಾಖಲೆಗೂ ಐದಕ್ಕಿಂತ ಜಾಸ್ತಿ ಹೋಲಿಕೆ ಬೇಕಾಗಲಿಲ್ಲ. ಜೊತೆಗೆ ಇನ್ನೊಂದು ಲಾಭ: ಸಮ ಬೆಲೆಯ ದಾಖಲೆಗಳು ಬಂದ ಕ್ರಮದಲ್ಲೇ ಹೊರಗೆ ಬರುತ್ತವೆ. ಆದರೆ ಇದರ ಜೊತೆ ಶಫಲ್ ಸೇರಿಸಿದರೆ ಆ ಲಾಭ ಹೋಗುತ್ತದೆ, ಯಾಕಂದರೆ ಮರಕ್ಕೆ ಬರುವ ಮೊದಲೇ ಕ್ರಮ ಕೆಟ್ಟಿರುತ್ತದೆ. ಇದು ನನಗೆ ತುಂಬಾ ತಡವಾಗಿ ಹೊಳೆಯಿತು. ಶಫಲ್ ಬಿಟ್ಟರೆ ಕ್ರಮದಲ್ಲಿರುವ ಪಟ್ಟಿ ಮತ್ತೆ ಸರಪಳಿ, ಶಫಲ್ ಮಾಡಿದರೆ ಬಂದ ಕ್ರಮ ಮಾಯ.

ಎರಡೂ ಬೇಕು ಅಂದರೆ ಮರವೇ ತನ್ನನ್ನು ಸರಿಮಾಡಿಕೊಳ್ಳಬೇಕು. ನಾಲ್ಕನೆಯದು ಅದೇ: ಎವಿಎಲ್ ಮರ, ನೋಡ್‌ನಲ್ಲಿ ಲಿಸ್ಟ್ ಸಮೇತ. ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲಿ ಪ್ರಕಟಿಸಿದ ವಿಧಾನ ಇದು. ಯಾವುದೇ ನೋಡ್‌ನಲ್ಲಿ ಎಡ ಬಲ ಎತ್ತರಗಳ ಅಂತರ ಒಂದನ್ನು ಮೀರಿದರೆ ನೋಡ್‌ಗಳನ್ನು ತಿರುಗಿಸಿ ಸರಿಮಾಡುತ್ತದೆ. ಕ್ರಮದಲ್ಲಿದ್ದ 10,000 ಸಂಖ್ಯೆಗೆ ಎತ್ತರ 14, ಹೋಲಿಕೆ 1.2 ಲಕ್ಷದ ಆಸುಪಾಸು. ಡೂಪ್ಲಿಕೇಟ್‌ಗಳಿಗೂ ಹೆದರಲಿಲ್ಲ, ಬಂದ ಕ್ರಮವೂ ಉಳಿಯಿತು. ಇದರ ಖರ್ಚು ಏನೆಂದರೆ ಕೋಡ್ ಉದ್ದವಾಯಿತು, ಪ್ರತಿ ನೋಡ್ ತನ್ನ ಎತ್ತರವನ್ನೂ ಹೊರಬೇಕಾಯಿತು.

ಇನ್ನು ಪೈಥಾನ್‌ನ ಸ್ವಂತ `sorted()`. ಕಲಸಿದ ಪಟ್ಟಿಗೆ ಅದಕ್ಕೂ ಸುಮಾರು 1.2 ಲಕ್ಷ ಹೋಲಿಕೆ. ಆದರೆ ಕ್ರಮದಲ್ಲಿದ್ದ ಪಟ್ಟಿಗೆ ಬರೀ 9,999, ಅಂದರೆ ಒಂದು ಸಲ ಸಾಲಾಗಿ ನೋಡಿ ಬಿಟ್ಟುಬಿಡುತ್ತದೆ. ಸಮ ಬೆಲೆಗಳ ಕ್ರಮವನ್ನೂ ಅದು ಕೆಡಿಸುವುದಿಲ್ಲ. ಪಟ್ಟಿ ಪೂರ್ತಿ ಕೈಯಲ್ಲಿದೆ, ಒಂದೇ ಸಲ ಸಾರ್ಟ್ ಆಗಬೇಕು ಅಂದರೆ ನಾನು ಯಾವ ಮರವನ್ನೂ ಕಟ್ಟುವುದಿಲ್ಲ. ದಾಖಲೆಗಳು ಬರುತ್ತಾ ಹೋಗುತ್ತಾ ಇರಬೇಕು, ನಡುನಡುವೆ ಕ್ರಮವಾಗಿ ಓದಲೂ ಬೇಕು ಅನ್ನುವಾಗ ಎವಿಎಲ್ ಕಟ್ಟುತ್ತೇನೆ. ಹೊಸದೊಂದು ಬಂದರೆ ಹದಿನಾಲ್ಕು ಹದಿನೈದು ಹೋಲಿಕೆಯಲ್ಲಿ ಅದರ ಜಾಗ ಸಿಗುತ್ತದೆ, ಇಡೀ ಪಟ್ಟಿಯನ್ನು ಮತ್ತೆ ಸಾರ್ಟ್ ಮಾಡಬೇಕಾಗಿಲ್ಲ. ಸಾದಾ ಮರವನ್ನು ಹೇಗೆ ಬರುತ್ತದೋ ಗೊತ್ತಿಲ್ಲದ ಪಟ್ಟಿಗೆ ಯಾವತ್ತೂ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎವಿಎಲ್ ಬರೆಯುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ನನ್ನ ಮೊದಲ ಕೋಡ್‌ನಲ್ಲಿ ನೋಡ್ ತಿರುಗಿಸಿದ ಮೇಲೆ ಎತ್ತರ ಅಪ್‌ಡೇಟ್ ಮಾಡುವುದನ್ನು ಮರೆತಿದ್ದೆ. ಓದಿದಾಗ ಉತ್ತರ ಮಾತ್ರ ಸರಿಯಾಗಿತ್ತು, ಟೆಸ್ಟ್‌ಗಳೆಲ್ಲ ಪಾಸ್. ತಿರುಗಿಸಿದರೂ ತಿರುಗಿಸದಿದ್ದರೂ ಎಡ ಬಲದ ಕ್ರಮ ಕೆಡುವುದಿಲ್ಲವಲ್ಲ, ಹಾಗಾಗಿ ಉತ್ತರ ನೋಡಿ ಈ ತಪ್ಪು ಹಿಡಿಯಲು ಆಗುವುದಿಲ್ಲ. ನೋಡ್‌ನಲ್ಲಿ ಬರೆದಿಟ್ಟ ಎತ್ತರವನ್ನು ನಂಬದೆ, ಮರವನ್ನು ನಡೆದು ಬೇರೆಯಾಗಿ ಎಣಿಸಿ. 10,000 ನೋಡ್‌ನ ಎವಿಎಲ್ ಮರ ಯಾವ ಕ್ರಮದಲ್ಲಿ ಕಟ್ಟಿದರೂ 18 ಮಟ್ಟ ಮೀರುವಂತಿಲ್ಲ. ಮೀರಿದರೆ ತಿರುಗಿಸುವ ಕೋಡ್‌ನಲ್ಲೇ ತಪ್ಪಿದೆ.