ಶಾಲೆಯ ಇನ್ಶೂರೆನ್ಸ್, ಆರು ವರ್ಷದ ಲೆಕ್ಕ: ಕಟ್ಟಡಕ್ಕೆ ಸರಿ, ಆಟದ ಮೈದಾನಕ್ಕೆ ಹುಷಾರು

ದಾವಣಗೆರೆಯ ಅಂಚಿನಲ್ಲಿ ಎಲ್‌ಕೆಜಿಯಿಂದ ಏಳನೇ ಕ್ಲಾಸಿನವರೆಗಿನ ಚಿಕ್ಕ ಖಾಸಗಿ ಶಾಲೆ ನಮ್ಮದು. ಆಡಳಿತದ ಕೆಲಸ ನನ್ನದು, ಪಾಲಿಸಿ ಫೈಲೂ ನನ್ನ ಬೀರುವಿನಲ್ಲೇ ಇರುತ್ತೆ.

ಕಟ್ಟಡ, ಬೆಂಚು, ಡೆಸ್ಕಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಮಾಡಿಸಿದ್ದೇವೆ. ಒಂದು ಜಾಗದ ಆಸ್ತಿ 5 ಕೋಟಿ ಮೀರದವರಿಗೆ 2021ರಿಂದ ಬಂದಿರುವ ಬೆಂಕಿ ಪಾಲಿಸಿ ಇದು. ಬರೆಸುವಾಗ ಜಮೀನಿನ ಬೆಲೆ ಸೇರಿಸಬೇಡಿ, ಕಟ್ಟುವ ಖರ್ಚು ಮಾತ್ರ ಬರೆಸಿ. ಕಂಪ್ಯೂಟರ್ ಲ್ಯಾಬಿಗೆ ಬೇರೆಯಾಗಿ ಎಲೆಕ್ಟ್ರಾನಿಕ್ ಇಕ್ವಿಪ್‌ಮೆಂಟ್ ಪಾಲಿಸಿ ಇದೆ. ಸಿಡಿಲು ಬಡಿದು ಕಟ್ಟಡಕ್ಕೆ ಹಾನಿಯಾದರೆ ಬೆಂಕಿ ಪಾಲಿಸಿಯೇ ಸಾಕು. ಆದರೆ ವೋಲ್ಟೇಜ್ ಏರಿಳಿದು ಮದರ್‌ಬೋರ್ಡ್ ಸುಟ್ಟರೆ ಅದು ಕೈ ಎತ್ತುತ್ತೆ, ನಮ್ಮ ಕಡೆ ಆಗೋದು ಹೆಚ್ಚಾಗಿ ಅದೇ. ಇವೆರಡರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಪಬ್ಲಿಕ್ ಲಯಬಿಲಿಟಿ ಪಾಲಿಸಿ ಮೇಲೆ. "ಮೈದಾನದಲ್ಲಿ ಮಗು ಬಿದ್ದರೆ ಇದು ನೋಡ್ಕೊಳ್ಳುತ್ತೆ ಸರ್" ಅಂತ ಏಜೆಂಟ್ ಹೇಳಿದ್ದರು. ನಾನೂ ಹಾಗೇ ನಂಬಿದ್ದೆ.

ಮೂರು ವರ್ಷದ ಹಿಂದೆ ನಾಲ್ಕನೇ ಕ್ಲಾಸಿನ ಹುಡುಗ ಜಾರುಬಂಡೆ ಹತ್ತುವಾಗ ಮೂರನೇ ಮೆಟ್ಟಿಲು ಕಳಚಿ ಬಿದ್ದ. ವೆಲ್ಡಿಂಗ್ ಒಳಗೊಳಗೇ ತುಕ್ಕು ತಿಂದಿತ್ತು, ಮೇಲೆ ಹಸಿರು ಪೇಂಟ್ ಹೊಸದಾಗಿ ಹೊಳೀತಿತ್ತು. ಮುಂಗೈ ಮೂಳೆ ಎರಡು ಕಡೆ ಮುರಿದು ಆಪರೇಷನ್ ಆಯ್ತು, ಬಿಲ್ಲು 38,400. ಅವರಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಸಂಜೆಯೇ ಶಾಲೆಯ ಖಾತೆಯಿಂದ ಕಟ್ಟಿದೆವು. "ನಮ್ಮ ಜಾರುಬಂಡೆ ಸರಿ ಇರಲಿಲ್ಲ, ಖರ್ಚೆಲ್ಲ ನಮ್ಮದೇ" ಅಂತ ಲೆಟರ್‌ಹೆಡ್‌ನಲ್ಲಿ ಬರೆದೂ ಕೊಟ್ಟೆವು.

ಕಂಪನಿ ಒಂದು ಪೈಸೆಯನ್ನೂ ಕೊಡಲಿಲ್ಲ. ಪಾಲಿಸಿಯ ಷರತ್ತಿನಲ್ಲಿ ಸಣ್ಣಕ್ಷರದಲ್ಲಿ ಇತ್ತು: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವಂತಿಲ್ಲ, ಹಣ ಕೊಡ್ತೀನಿ ಅನ್ನುವಂತಿಲ್ಲ, ಕೊಡುವಂತೆಯೂ ಇಲ್ಲ. ಅದಲ್ಲದೆ ಹುಡುಗನ ಕಡೆಯಿಂದ ಪರಿಹಾರ ಕೇಳಿ ಯಾವ ಪತ್ರವೂ ಬಂದಿರಲಿಲ್ಲ. ಈ ಪಾಲಿಸಿ ಆಸ್ಪತ್ರೆ ಬಿಲ್ಲಿನದಲ್ಲ. ಶಾಲೆಯ ನಿರ್ಲಕ್ಷ್ಯದಿಂದ ಕಾನೂನು ಪ್ರಕಾರ ನಾವು ಪರಿಹಾರ ಕೊಡಬೇಕಾಗಿ ಬಂದರೆ ಆ ಹಣ, ಜೊತೆಗೆ ಕಂಪನಿ ಒಪ್ಪಿದ ಕೋರ್ಟು ಖರ್ಚು, ಅಷ್ಟೇ ಅದರ ಪಾಲು. ಮಗು ತಾನಾಗಿ ಎಡವಿ ಬಿದ್ದರೆ ಶಾಲೆಯ ತಪ್ಪಿಲ್ಲ, ಹಾಗಾಗಿ ಪಾಲಿಸಿಯೂ ಇಲ್ಲ.

ಆ ವರ್ಷ ನಾನು ಏಜೆಂಟ್ ಫೋನನ್ನೇ ಎತ್ತಲಿಲ್ಲ.

ಆಮೇಲೆ ಅವರೇ ಬಂದು ಕೂತು, ಚಹಾ ಕುಡಿದು, ಮಕ್ಕಳ ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ತೋರಿಸಿದರು. ಇದರಲ್ಲಿ ತಪ್ಪು ಯಾರದು ಅಂತ ಕೇಳೋದೇ ಇಲ್ಲ. ಮೂಲ ಪಾಲಿಸಿ ಸಾವು, ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆ ಖರ್ಚನ್ನು ಕೇಳಿ ಸೇರಿಸಿಕೊಳ್ಳಬೇಕು. ನಮಗೆ ಒಂದು ಮಗುವಿಗೆ ವರ್ಷಕ್ಕೆ ಬಿದ್ದದ್ದು ಒಂದು ಬೆಣ್ಣೆ ದೋಸೆಗಿಂತ ಕಡಿಮೆ. ಕಳೆದ ವರ್ಷ ಖೋ-ಖೋ ಆಡುವಾಗ ಒಬ್ಬ ಹುಡುಗಿ ಕಾಲು ಉಳುಕಿಸಿಕೊಂಡು ಪ್ಲಾಸ್ಟರ್ ಹಾಕಿಸಿಕೊಂಡಳು, ಖರ್ಚು 14,200. ನಮ್ಮ ಮಿತಿ 10,000 ಇತ್ತು, ಅಷ್ಟೂ ಬಂತು. ಎಕ್ಸ್‌ರೇ, ಬಿಲ್ಲುಗಳು, ಆ ದಿನದ ಹಾಜರಿ ಪುಟದ ನಕಲು, ಹೆಡ್‌ಮೇಡಂ ಪತ್ರ, ಇಷ್ಟೇ ಕೇಳಿದ್ದು. ಒಪ್ಕೋಬೇಕು, ಆವತ್ತು ಏಜೆಂಟ್‌ಗೆ ನಾನೇ ಫೋನ್ ಮಾಡಿದೆ.

ಹಾಗಂತ ಲಯಬಿಲಿಟಿ ಪಾಲಿಸಿ ಬಿಟ್ಟಿಲ್ಲ. ದೊಡ್ಡ ಕೇಸು ಬಿದ್ದರೆ ನಮ್ಮಂಥ ಶಾಲೆ ಮುಚ್ಚಬೇಕಾಗುತ್ತೆ. ಅಪ್ರಾಪ್ತರಿಗೆ ದಾವೆ ಹೂಡುವ ಅವಧಿ 18 ತುಂಬಿದ ಮೇಲೇ ಎಣಿಕೆ ಶುರು. ನಮ್ಮ ಪಾಲಿಸಿಯೋ, ಘಟನೆ ಆದ ವರ್ಷವಲ್ಲ, ಪರಿಹಾರ ಕೇಳಿದ ವರ್ಷ ಚಾಲ್ತಿಯಲ್ಲಿರಬೇಕು ಅನ್ನುವಂಥದ್ದು. ಮಧ್ಯೆ ಒಂದು ವರ್ಷ ಬಿಟ್ಟರೆ ಹಳೇ ಅಪಘಾತಗಳಿಗೆಲ್ಲ ರಕ್ಷಣೆ ತಪ್ಪಿಹೋಗುತ್ತೆ.

ಈಗ ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ಪಿಟಿ ಮೇಷ್ಟ್ರು ಸ್ಪ್ಯಾನರ್ ಹಿಡಿದು ಜೋಕಾಲಿ ಹತ್ತಿರ ಹೋಗ್ತಾರೆ. ಬೋಲ್ಟು ತಿರುಗಿಸಿ ನೋಡ್ತಾರೆ, ಸರಪಳಿ ಕೊಂಡಿಗೆ ಬೆರಳು ಹಾಕಿ ಸವೆತ ನೋಡ್ತಾರೆ, ಜಾರುಬಂಡೆಯ ಪ್ರತಿ ಮೆಟ್ಟಿಲಿನ ಮೇಲೂ ತಾವೇ ನಿಂತು ಒಮ್ಮೆ ಕುಣೀತಾರೆ. ಎಂಬತ್ತು ಕೇಜಿ ತೂಕ, ಅದಕ್ಕಿಂತ ಒಳ್ಳೆ ಪರೀಕ್ಷೆ ಬೇಡ. ಆಮೇಲೆ ರಿಜಿಸ್ಟರಿನಲ್ಲಿ ಸಹಿ, ಫೋನಿನಲ್ಲಿ ಫೋಟೋ. ನಾಳೆ ನಿರ್ಲಕ್ಷ್ಯ ಅಂದರೆ ನಮ್ಮ ಕೈಲಿರೋದು ಆ ರಿಜಿಸ್ಟರೇ. ಮಗು ಬಿದ್ದರೆ ಮೊದಲು ಆಸ್ಪತ್ರೆ, ಅದಕ್ಕೆ ಯಾರನ್ನೂ ಕೇಳಲ್ಲ. ಅದೇ ದಿನ ಕಂಪನಿಗೆ ಮೇಲ್, ಅದರಲ್ಲಿ ಏನಾಯ್ತು ಅಂತ ಮಾತ್ರ, ಯಾಕಾಯ್ತು ಅಂತಲ್ಲ.

ಈ ಸಲ ಫೀಸು ಕಟ್ಟೋಕೆ ಬಂದ ಆ ಹುಡುಗನ ಅಪ್ಪನಿಗೆ ಈ ಕಥೆಯೆಲ್ಲ ಹೇಳಿದೆ. "ಅವತ್ತು ನೀವು ಕಂಪನಿ ಕೇಳಿ ಹೇಳ್ತೀವಿ ಅಂದಿದ್ರೆ ಟಿಸಿ ಇಸ್ಕಂಡು ಹೋಗ್ತಿದ್ದೆ ಸರ" ಅಂದರು. ಐದರಲ್ಲಿ ಎಷ್ಟು ನಕ್ಷತ್ರ ಕೊಡಬೇಕೋ ಗೊತ್ತಾಗದೆ ಮೂರು ಒತ್ತಿದ್ದೀನಿ.