ಡಬ್ಬಿಯ ಮೇಲಿನ “4ಕೆ 60” ನಂಬಿ ಕ್ಯಾಪ್ಚರ್ ಕಾರ್ಡ್ ಕೊಳ್ಳಬೇಡಿ

ಪಿಎಸ್5 ಆಟವನ್ನು ರೆಕಾರ್ಡ್ ಮಾಡಲೆಂದು ಕಡಿಮೆ ಬೆಲೆಯ ಕ್ಯಾಪ್ಚರ್ ಕಾರ್ಡ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಹಣ ಕೊಡಿ. ಕನ್ಸೋಲ್‌ನಿಂದ ಬರುವ 4ಕೆ, 60 ಹರ್ಟ್ಸ್ ಚಿತ್ರ ಕಾರ್ಡಿನ ಮೂಲಕ ಹಾಗೆಯೇ ಮಾನಿಟರ್‌ಗೆ ದಾಟಬೇಕು, ಲ್ಯಾಪ್‌ಟಾಪ್‌ನಲ್ಲಿ 1080ಪಿ ರೆಕಾರ್ಡ್ ಆದರೆ ಸಾಕು ಎಂದು ನಾನು ಅಂಗಡಿಯವರಿಗೆ ಬಿಡಿಸಿ ಹೇಳಿದ್ದೆ. “ಆರಾಮಾಗಿ ಆಗತ್ತೆ ಸರ್, ಒಂಚೂರೂ ಲ್ಯಾಗ್ ಇರಲ್ಲ” ಎಂದು ಭರವಸೆ ಕೊಟ್ಟು, “4ಕೆ 60” ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಡಬ್ಬಿಯನ್ನು ಕೈಗಿತ್ತರು.

ಕನ್ಸೋಲ್‌ನಲ್ಲಿ ಚಿತ್ರದ ನಕಲು ತಡೆಯುವ Enable HDCP ಆಯ್ಕೆಯನ್ನು ಆಫ್ ಮಾಡಿ ಎಲ್ಲವನ್ನೂ ಜೋಡಿಸಿದಾಗ ಚಿತ್ರವೇನೋ ಬಂತು, ಆದರೆ ಮೆನುವಿನ ಅಕ್ಷರಗಳ ಅಂಚು ಮಸುಕಾಗಿತ್ತು. Screen and Video ಒಳಗಿನ Video Output Information ತೆರೆದರೆ 1920 x 1080 - 60Hz ಎಂದಿತ್ತು. ಕಾರ್ಡನ್ನು ತೆಗೆದು ಅದೇ ಕೇಬಲನ್ನು ನೇರವಾಗಿ ಮಾನಿಟರ್‌ಗೆ ಸಿಕ್ಕಿಸಿದೊಡನೆ 3840 x 2160 - 60Hz ಎಂದು ಬದಲಾಯಿತು. ನಡುವಿನ ಕಾರ್ಡ್ ತನಗೆ ಎಷ್ಟು ಸಾಧ್ಯವೆಂದು ತಿಳಿಸುತ್ತದೆಯೋ ಅಷ್ಟನ್ನೇ ಕನ್ಸೋಲ್ ಕಳುಹಿಸುತ್ತದೆ. ಡಬ್ಬಿಯೊಳಗಿನ ಚೀಟಿಯನ್ನು ಬಿಡಿಸಿ ನೋಡಿದಾಗ ನನ್ನ ಮೈ ಉರಿದುಹೋಯಿತು: 4ಕೆ ಇದ್ದದ್ದು 30 ಹರ್ಟ್ಸ್‌ಗೆ ಮಾತ್ರ, 60 ಹರ್ಟ್ಸ್ ಇದ್ದದ್ದು 1080ಪಿಗೆ ಮಾತ್ರ. ಎರಡು ಬೇರೆ ಬೇರೆ ಸಾಲಿನ ಅಂಕಿಗಳನ್ನು ಡಬ್ಬಿಯ ಮೇಲೆ ಅಕ್ಕಪಕ್ಕ ಅಚ್ಚು ಹಾಕಿದ್ದರು. ಅದು ಎಚ್‌ಡಿಎಂಐ 1.4 ಕಾರ್ಡ್, ಪೂರ್ಣ ಬಣ್ಣದ 4ಕೆ 60 ದಾಟಬೇಕಾದರೆ ಎಚ್‌ಡಿಎಂಐ 2.0 ಬೇಕು.

ಫೋನ್ ಮಾಡಿದರೆ ಮೊದಲು ಕೇಬಲ್ ಬದಲಿಸಿ ಎಂದರು. ಆಮೇಲೆ ಎಚ್‌ಡಿಸಿಪಿಯ ದೋಷ ಎಂದರು. ಎಚ್‌ಡಿಸಿಪಿಯನ್ನು ಮೊದಲೇ ಆಫ್ ಮಾಡಿದ್ದೇನೆ, ಹಾಗಾಗಿ ಅದು ಕಾರಣವಾಗಲಾರದು ಎಂದು ನಾನು ವಿವರಿಸಿದ ಮೇಲೆ ಬಂದ ಉತ್ತರ, “ಲ್ಯಾಪ್‌ಟಾಪಲ್ಲಿ ಓಬಿಎಸ್ ನೋಡ್ಕೊಂಡೇ ಆಡಿ ಸರ್, ಎಲ್ರೂ ಹಾಗೇ ಆಡೋದು.” ಯಾರೂ ಹಾಗೆ ಆಡುವುದಿಲ್ಲ! ಯುಎಸ್‌ಬಿ ಮೂಲಕ ಬಂದು ಓಬಿಎಸ್ ಎಂಬ ರೆಕಾರ್ಡಿಂಗ್ ತಂತ್ರಾಂಶದ ಕಿಟಕಿಯಲ್ಲಿ ಮೂಡುವ ಚಿತ್ರ ತಡವಾಗಿ ಬರುತ್ತದೆ. ಗುಂಡಿ ಒತ್ತಿದ ಮೇಲೆ ಪಾತ್ರ ಜಿಗಿಯುವುದನ್ನು ಕಾಯುತ್ತ ಕೂರಬೇಕಾಗುತ್ತದೆ. ಆ ತಡ ತಪ್ಪಿಸುವುದಕ್ಕೆಂದೇ ಚಿತ್ರವನ್ನು ಹಾಗೆಯೇ ಮಾನಿಟರ್‌ಗೆ ದಾಟಿಸುವ ಪಾಸ್‌ಥ್ರೂ ಇರುವುದು, ಅದಕ್ಕೆಂದೇ ನಾನು ಹಣ ಕೊಟ್ಟದ್ದು. ಕೊನೆಗೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “4ಕೆನೂ ಬರತ್ತೆ, 60ನೂ ಬರತ್ತೆ. ಎರಡೂ ಒಟ್ಟಿಗೆ ಬರತ್ತೆ ಅಂತ ಎಲ್ಲಿ ಬರ್ದಿದೆ ಸರ್?” ಸೀಲ್ ಒಡೆದಿದೆ ಎಂದು ವಾಪಸೂ ತೆಗೆದುಕೊಳ್ಳಲಿಲ್ಲ. ರೆಕಾರ್ಡಿಂಗ್ ನೋಡಲು ಗೆಳೆಯರನ್ನು ಬೇರೆ ಕರೆದಿದ್ದೆ. ಅವರ ಮುಂದೆ ಪಟ್ಟ ಮುಜುಗರಕ್ಕೆ ಯಾರು ಹೊಣೆ?

ಯುಎಸ್‌ಬಿ 3 ಎಂದು ಸೂಚಿಸುವ, ಪ್ಲಗ್ಗಿನೊಳಗಿನ ನೀಲಿ ಬಣ್ಣವನ್ನೂ ನಂಬಬೇಡಿ. ಲಿನಕ್ಸ್ ಇದ್ದರೆ ಕಾರ್ಡನ್ನು ಯುಎಸ್‌ಬಿ 3 ಪೋರ್ಟಿಗೆ ಸಿಕ್ಕಿಸಿ ಇದನ್ನು ಓಡಿಸಿ:

```
lsusb -t
```

ಕಾರ್ಡಿನ ಸಾಲಿನಲ್ಲಿ 5000M ಬದಲು 480M ಕಂಡರೆ ಅದು ಯುಎಸ್‌ಬಿ 2 ವೇಗದಲ್ಲಿ ನಡೆಯುತ್ತಿದೆ. ನನ್ನದು 480M ತೋರಿಸಿತು, ವೇಗದ ದೃಶ್ಯಗಳೆಲ್ಲ ಚೌಕಚೌಕವಾಗಿ ಒಡೆದು ರೆಕಾರ್ಡ್ ಆದವು.

ಪಾಸ್‌ಥ್ರೂ ಎಷ್ಟು, ರೆಕಾರ್ಡಿಂಗ್ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. “ಪಾಸ್‌ಥ್ರೂ 2160ಪಿ 60 ಹರ್ಟ್ಸ್, ಇಲ್ಲದಿದ್ದರೆ ವಾಪಸ್” ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಆ ಕಾರ್ಡನ್ನು ಅಲ್ಲಿಯೇ ಬಿಟ್ಟು ಬನ್ನಿ.